ಹೂಡಿಕೆದಾರರ ಪತ್ರಕ್ಕೆ ಚಂದಾ ಲೆಕ್ಕ: ಬಂದದ್ದೆಷ್ಟು, ಬಿಟ್ಟು ಹೋದವರೆಷ್ಟು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ ಅಂದುಕೊಳ್ಳೋಣ. ಅಂಗಡಿಗಳ ಸ್ಟಾಕು ಮತ್ತು ಉದ್ರಿ ಲೆಕ್ಕ ಇಡುವ ಆ್ಯಪ್ ಅವರದು. ಮಂಡಿಪೇಟೆಯ ಸಗಟು ಅಂಗಡಿಗಳು, ಹರಿಹರ, ಚಿತ್ರದುರ್ಗ, ಚಳ್ಳಕೆರೆಯ ವ್ಯಾಪಾರಿಗಳು ಗಿರಾಕಿಗಳು. ತಿಂಗಳಿಗೆ ₹1,000 ಚಂದಾ. ಒಟ್ಟಿಗೆ ವರ್ಷದ್ದು ಕಟ್ಟಿದರೆ ₹9,600. ಇದರ ಮೇಲೆ 18% ಜಿಎಸ್‌ಟಿ. ವಸೂಲಿ ಎಲ್ಲ ರೇಜರ್‌ಪೇ ಚಂದಾ ವ್ಯವಸ್ಥೆಯಲ್ಲಿ ತಾನಾಗಿಯೇ ನಡೆಯುತ್ತದೆ. ಬೆಂಗಳೂರಿನಲ್ಲಿರುವ ಹೂಡಿಕೆದಾರರಿಗೆ ಪ್ರತಿ ತಿಂಗಳ ಮೊದಲ ವಾರ ಒಂದು ಪತ್ರ ಹೋಗಬೇಕು.

ಜೂನ್ ತಿಂಗಳಲ್ಲಿ ವಸೂಲಾದ ಹಣ ₹3,91,288. ಪತ್ರದಲ್ಲಿ ಬರೆಯಬೇಕಾದ ತಿಂಗಳ ಚಂದಾ ಆದಾಯ ₹2,64,400. ಎರಡೂ ಸರಿಯಾದ ಸಂಖ್ಯೆಗಳೇ. ಆದರೆ ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಬರೆದರೆ ಪತ್ರ ತಪ್ಪಾಗುತ್ತದೆ. ಮೊದಲನೆಯದರಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿ ಸೇರಿದೆ. ವರ್ಷದ ಚಂದಾ ಕಟ್ಟಿದವರ ಹನ್ನೆರಡು ತಿಂಗಳ ಹಣವೂ ಒಂದೇ ತಿಂಗಳಲ್ಲಿ ಬಂದು ಕೂತಿದೆ. ಹೂಡಿಕೆದಾರರು ಕೇಳುವುದು ಬೇರೆ. ಈಗಿರುವ ಗಿರಾಕಿಗಳು ಹೀಗೇ ಉಳಿದರೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು. ಅದಕ್ಕೇ ಎಂಆರ್‌ಆರ್ ಎನ್ನುತ್ತಾರೆ.

ಮೊದಲು ಪಟ್ಟಿ ಇಳಿಸಿಕೊಳ್ಳಿ

ಡ್ಯಾಶ್‌ಬೋರ್ಡಿನ ಮೊತ್ತವನ್ನು ಹಾಗೇ ಎತ್ತಿಕೊಳ್ಳಬೇಡಿ. ತಿಂಗಳ ಕೊನೆಯ ದಿನ ಯಾವ ಅಂಗಡಿ ಯಾವ ಚಂದಾದಲ್ಲಿ ಇತ್ತು ಎಂಬ ಪಟ್ಟಿ ಬೇಕು. ಅದನ್ನು ಹೀಗೆ ಇಳಿಸಬಹುದು:

```
curl -u KEY_ID:KEY_SECRET \
"https://api.razorpay.com/v1/subscriptions?count=100&skip=0"
```

ಒಂದು ಸಲಕ್ಕೆ 100ಕ್ಕಿಂತ ಜಾಸ್ತಿ ಬರುವುದಿಲ್ಲ. ಹಾಗಾಗಿ `skip` ಜಾಗದಲ್ಲಿ 100, 200, 300 ಎಂದು ಹಾಕುತ್ತಾ ಖಾಲಿ ಉತ್ತರ ಬರುವವರೆಗೆ ಮುಂದುವರಿಸಿ. ಇಲ್ಲಿ `from`, `to` ಎಂದು ದಿನಾಂಕ ಕೊಡಲು ಅವಕಾಶ ಇದೆ. ಕೊಡಬೇಡಿ. ಅದು ಚಂದಾ ಹುಟ್ಟಿದ ದಿನವನ್ನು ನೋಡಿ ಸೋಸುತ್ತದೆ. ಜೂನ್ ಎಂದು ಕೇಳಿದರೆ ಜೂನಿನಲ್ಲಿ ಹೊಸದಾಗಿ ಸೇರಿದವರು ಮಾತ್ರ ಬರುತ್ತಾರೆ, ಹಳೆಯ ಗಿರಾಕಿಗಳೆಲ್ಲ ಮಾಯ.

ಪಟ್ಟಿಯನ್ನು ಯಾವಾಗ ಇಳಿಸುತ್ತೀರಿ ಎನ್ನುವುದೂ ಮುಖ್ಯ. ಅದರಲ್ಲಿ ಕಾಣುವ `status` ಇವತ್ತಿನ ಸ್ಥಿತಿ, ಜೂನ್ 30ರದ್ದಲ್ಲ. ಜುಲೈ 8ಕ್ಕೆ ಕೂತು ಇಳಿಸಿದರೆ ಜುಲೈ ಮೊದಲ ವಾರ ಬಿಟ್ಟವರೂ ಜೂನ್ ಲೆಕ್ಕಕ್ಕೆ ಬೀಳುತ್ತಾರೆ. ಜುಲೈ 1ರ ಬೆಳಿಗ್ಗೆಯೇ ಇಳಿಸಿ, ದಿನಾಂಕ ಹಾಕಿ ಕಡತವನ್ನು ಎತ್ತಿಡಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ತಪ್ಪಿಸಲೇಬಾರದ ಅಭ್ಯಾಸ ಇದೊಂದೇ. ಉಳಿದದ್ದನ್ನು ಆಮೇಲೂ ಸರಿಪಡಿಸಬಹುದು.

ಪಟ್ಟಿಯಲ್ಲಿನ ಸಮಯಗಳು ಸೆಕೆಂಡುಗಳ ಎಣಿಕೆಯಲ್ಲಿ, ಗ್ರೀನಿಚ್ ಲೆಕ್ಕದಲ್ಲಿ ಇರುತ್ತವೆ. ಐದೂವರೆ ಗಂಟೆ ಸೇರಿಸದಿದ್ದರೆ ಜುಲೈ 1ರ ನಸುಕಿನಲ್ಲಿ ನಡೆದದ್ದು ಜೂನ್ 30 ಎಂದು ತೋರಿಸುತ್ತದೆ. ಸಮಯ E ಕಾಲಂನಲ್ಲಿದ್ದರೆ ಶೀಟಿನಲ್ಲಿ ಹೀಗೆ ಬದಲಿಸಿ:

```
=E2/86400 + DATE(1970,1,1) + 5.5/24
```

ಪ್ರತಿ ಅಂಗಡಿಯ ತಿಂಗಳ ಮೊತ್ತ

ಚಂದಾ ಪಟ್ಟಿಯಲ್ಲಿ ದರ ಇರುವುದಿಲ್ಲ, `plan_id` ಮಾತ್ರ ಇರುತ್ತದೆ. ದರವನ್ನು ಯೋಜನೆಗಳ ಪಟ್ಟಿಯಿಂದ ತರಬೇಕು. ಅದು ಪೈಸೆಯಲ್ಲಿರುತ್ತದೆ. ₹1,180 ಅಲ್ಲಿ 118000 ಎಂದು ಕಾಣುತ್ತದೆ. ಜಿಎಸ್‌ಟಿ ತೆಗೆದು, ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿ. C ಕಾಲಂನಲ್ಲಿ `period`, D ಕಾಲಂನಲ್ಲಿ ಪೈಸೆಯ ದರ ಇದ್ದರೆ, B ಕಾಲಂನಲ್ಲಿ ಹೀಗೆ:

```
=IF(C2="yearly", D2/100/1.18/12, D2/100/1.18)
```

ತಿಂಗಳ ಚಂದಾದವರು ₹1,000, ವರ್ಷದವರು ₹800 ಎಂದು ಬರುತ್ತದೆ. ಮೂರು ತಿಂಗಳ ಯೋಜನೆ ಇದ್ದರೆ ಮೂರರಿಂದ ಭಾಗಿಸಲು ಮರೆಯಬೇಡಿ. ಅಲ್ಲಿ `period` ಜಾಗದಲ್ಲಿ `monthly` ಎಂದೇ ಇದ್ದು, ಪಕ್ಕದ `interval` ಮಾತ್ರ 3 ಆಗಿರಬಹುದು.

ಯಾರು ಒಳಗೆ, ಯಾರು ಹೊರಗೆ?

ಹಣ ಕಡಿತವಾಗದೆ ನಿಂತವರನ್ನು ಯಾವ ಕಡೆ ಹಾಕುವುದು ಎಂಬಲ್ಲೇ ಬಹಳ ಲೆಕ್ಕಗಳು ಕೆಡುತ್ತವೆ. ಅಂಗಡಿಯವರ ಖಾತೆಯಲ್ಲಿ ಆ ದಿನ ಹಣ ಇರುವುದಿಲ್ಲ, ಇಲ್ಲವೇ ಬ್ಯಾಂಕು ಬದಲಿಸಿರುತ್ತಾರೆ. ಆಗ ಸ್ಥಿತಿ `pending` ಆಗುತ್ತದೆ, ಮತ್ತೆ ಪ್ರಯತ್ನ ನಡೆಯುತ್ತದೆ. ಪ್ರಯತ್ನಗಳೆಲ್ಲ ಮುಗಿದರೂ ಹಣ ಬರದಿದ್ದರೆ `halted`. ಯಾರೂ ರದ್ದು ಮಾಡಿಲ್ಲವಾದ್ದರಿಂದ ಇವರು `cancelled` ಪಟ್ಟಿಯಲ್ಲಿ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, `halted` ಆದ ಮೇಲೂ ವ್ಯವಸ್ಥೆ ಇವರ ಹೆಸರಿಗೆ ಇನ್‌ವಾಯ್ಸ್ ಹುಟ್ಟಿಸುತ್ತಲೇ ಇರುತ್ತದೆ. ಇನ್‌ವಾಯ್ಸ್‌ಗಳನ್ನು ಕೂಡಿಸಿ ಆದಾಯ ತೋರಿಸುವವರ ಲೆಕ್ಕ ಉಬ್ಬುವುದು ಹೀಗೇ.

ನಾನು ಹೇಳುವ ನಿಯಮ ಸರಳ. `active` ಮತ್ತು `pending` ಒಳಗೆ. `halted`, `cancelled`, `expired`, `completed` ಹೊರಗೆ. `halted` ಆದವರು ಮುಂದಿನ ತಿಂಗಳು ಹೊಸದಾಗಿ ಅನುಮತಿ ಕೊಟ್ಟು ಬಂದರೆ ಅವರನ್ನು ಹೊಸ ಗಿರಾಕಿ ಎನ್ನಬೇಡಿ, ಮರಳಿ ಬಂದವರು ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಇನ್ನು ಅವಧಿ ಮುಗಿದ ಮೇಲೆ ರದ್ದಾಗಲಿ ಎಂದು ಕೇಳಿಕೊಂಡವರು ಆ ದಿನದವರೆಗೂ `active` ಆಗಿಯೇ ಕಾಣುತ್ತಾರೆ. ಅವರು ಹಣ ಕೊಟ್ಟ ಅವಧಿ ಮುಗಿಯುವ ತಿಂಗಳಿನಲ್ಲಿ ಬಿಟ್ಟವರ ಲೆಕ್ಕಕ್ಕೆ ಬರಲಿ. ನಿಮ್ಮ ನಿಯಮ ಇದಕ್ಕಿಂತ ಬೇರೆ ಇರಬಹುದು, ಪರವಾಗಿಲ್ಲ. ಪ್ರತಿ ತಿಂಗಳು ಬದಲಾಗಬಾರದು, ಅಷ್ಟೇ.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಿ

ಈಗ ಮೇ 31ರ ಪಟ್ಟಿ, ಜೂನ್ 30ರ ಪಟ್ಟಿ ಎರಡನ್ನೂ ಹೋಲಿಸಬೇಕು. ಚಂದಾ ಸಂಖ್ಯೆ ಹಿಡಿದು ಹೋಲಿಸಿದರೆ ಮೋಸ ಹೋಗುತ್ತೀರಿ. ಯುಪಿಐ ಮೂಲಕ ಕಟ್ಟುವ ಅಂಗಡಿಯವರು ತಿಂಗಳಿನಿಂದ ವರ್ಷದ ಯೋಜನೆಗೆ ಬದಲಾಗಬೇಕಾದರೆ ಹಳೆಯ ಚಂದಾ ರದ್ದು ಮಾಡಿ ಹೊಸದು ಶುರು ಮಾಡಬೇಕಾಗುತ್ತದೆ. ಸಂಖ್ಯೆಯೂ ಹೊಸದು. ಒಬ್ಬ ಗಿರಾಕಿ ಬಿಟ್ಟು ಹೋದ, ಇನ್ನೊಬ್ಬ ಬಂದ ಎಂದು ಲೆಕ್ಕ ಹೇಳುತ್ತದೆ. ಅಂಗಡಿ ಮಾತ್ರ ಅದೇ, ಅಲ್ವಾ?

ಅದಕ್ಕೆ ಪ್ರತಿ ಅಂಗಡಿಗೆ ನಿಮ್ಮದೇ ಒಂದು ಕೋಡ್ ಕೊಡಿ. ಚಂದಾ ಶುರು ಮಾಡುವಾಗಲೇ ಅದನ್ನು `notes` ಜಾಗದಲ್ಲಿ ಬರೆದಿಡಿ. ಫೋನ್ ನಂಬರನ್ನು ನೆಚ್ಚಿಕೊಳ್ಳಬೇಡಿ. ಅಪ್ಪನ ನಂಬರಿನಲ್ಲಿ ಶುರುವಾದದ್ದು ಮಗನ ನಂಬರಿನಲ್ಲಿ ಮುಂದುವರಿಯುವುದು ನಮ್ಮ ಕಡೆಯ ಅಂಗಡಿಗಳಲ್ಲಿ ಮಾಮೂಲು. ಹೊರಗಿನವರನ್ನು ತೆಗೆದ ಮೇಲೆ, ಮೂರನೆಯ ಶೀಟಿನ ಮೊದಲ ಕಾಲಂನಲ್ಲಿ ಎಲ್ಲ ಕೋಡ್‌ಗಳನ್ನು ಇಟ್ಟು, ಪಕ್ಕದಲ್ಲಿ ಎರಡೂ ತಿಂಗಳ ಮೊತ್ತ ತನ್ನಿ. `May`, `June` ಶೀಟುಗಳಲ್ಲಿ A ಕಾಲಂನಲ್ಲಿ ಕೋಡ್, B ಕಾಲಂನಲ್ಲಿ ತಿಂಗಳ ಮೊತ್ತ ಇರಲಿ:

```
=SUMIF(May!A:A, A2, May!B:B)
=SUMIF(June!A:A, A2, June!B:B)
```

ಮೇ ಸೊನ್ನೆ, ಜೂನಿನಲ್ಲಿ ಮೊತ್ತ ಇದ್ದರೆ ಹೊಸಬರು, ಇಲ್ಲವೇ ಮರಳಿ ಬಂದವರು. ಮೇನಲ್ಲಿ ಇದ್ದು ಜೂನ್ ಸೊನ್ನೆ ಆಗಿದ್ದರೆ ಬಿಟ್ಟವರು. ಎರಡೂ ಕಡೆ ಇದ್ದು ಮೊತ್ತ ಬದಲಾಗಿದ್ದರೆ ಏರಿಕೆ ಅಥವಾ ಇಳಿಕೆ. ಜೂನಿನಲ್ಲೇ ಸೇರಿ ಜೂನಿನಲ್ಲೇ ಬಿಟ್ಟವರು ಎರಡರಲ್ಲೂ ಸಿಗುವುದಿಲ್ಲ. ಅಂಥವರು ಬಹಳ ಇದ್ದರೆ ಪತ್ರದಲ್ಲಿ ಒಂದು ಸಾಲು ಬೇರೆಯೇ ಬರೆಯಿರಿ.

ನಮ್ಮ ಕಂಪನಿಯ ಲೆಕ್ಕ ಹೀಗಿದೆ ಅಂದುಕೊಳ್ಳಿ. ಮೇ 31ಕ್ಕೆ ತಿಂಗಳ ಚಂದಾದವರು 180, ವರ್ಷದವರು 100. ಎಂಆರ್‌ಆರ್ ₹2,60,000. ಜೂನಿನಲ್ಲಿ ತಿಂಗಳ ಚಂದಾಕ್ಕೆ 14 ಹೊಸಬರು, ವರ್ಷದ್ದಕ್ಕೆ 5 ಜನ ಬಂದರು: ₹18,000 ಏರಿತು. ತಿಂಗಳ ಚಂದಾದವರಲ್ಲಿ 9 ಜನ ರದ್ದು ಮಾಡಿದರು, 3 ಜನ `halted` ಆದರು, ವರ್ಷದವರಲ್ಲಿ ಒಬ್ಬರು ನವೀಕರಿಸಲಿಲ್ಲ: ₹12,800 ಹೋಯಿತು. ಇನ್ನು 4 ಅಂಗಡಿಗಳು ತಿಂಗಳಿನಿಂದ ವರ್ಷಕ್ಕೆ ಬದಲಾದವು. ತಲಾ ₹200 ಕಡಿಮೆ, ಒಟ್ಟು ₹800.

```
260000 + 18000 - 12800 - 800 = 264400
```

ಈಗ ಇನ್ನೊಂದು ದಾರಿಯಿಂದ ತಾಳೆ ನೋಡಿ. ಜೂನ್ 30ಕ್ಕೆ ತಿಂಗಳ ಚಂದಾದವರು 178, ವರ್ಷದವರು 108. ₹1,78,000 ಮತ್ತು ₹86,400 ಕೂಡಿದರೆ ₹2,64,400. ತಾಳೆ ಆಯಿತು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಪತ್ರ ಕಳಿಸಬೇಡಿ. ಸಾಮಾನ್ಯವಾಗಿ ಅದು ಎರಡು ಚಂದಾ ಇರುವ ಒಂದು ಅಂಗಡಿ, ಇಲ್ಲವೇ ಕೋಡ್ ಬರೆಯದೆ ಬಿಟ್ಟ ಒಂದು ಸಾಲು.

ಆ ನಾಲ್ಕು ಅಂಗಡಿಗಳನ್ನೇ ಗಮನಿಸಿ. ವರ್ಷದ ಚಂದಾಕ್ಕೆ ಅವರು ₹45,312 ಕಟ್ಟಿದರು, ಬ್ಯಾಂಕಿಗೆ ಹಣ ಜಾಸ್ತಿ ಬಂತು. ಆದರೆ ಎಂಆರ್‌ಆರ್ ₹800 ಇಳಿಯಿತು. ಇದನ್ನು ಪತ್ರದಲ್ಲಿ ಬಿಡಿಸಿ ಹೇಳದಿದ್ದರೆ ಓದುವವರಿಗೆ ಗೊಂದಲ ಆಗುತ್ತದೆ.

ಬಿಟ್ಟವರ ಪ್ರಮಾಣ

ಚರ್ನ್ ಎಂದರೆ ತಿಂಗಳ ಶುರುವಿನಲ್ಲಿ ಇದ್ದವರಲ್ಲಿ ಎಷ್ಟು ಜನ ಹೋದರು ಎಂಬುದು. 280ರಲ್ಲಿ 13 ಜನ, ಅಂದರೆ 4.6%. ಭಾಗಿಸುವುದು ಶುರುವಿನ ಸಂಖ್ಯೆಯಿಂದಲೇ. ಹೊಸಬರನ್ನೂ ಸೇರಿಸಿ ಭಾಗಿಸಿದರೆ ಪ್ರಮಾಣ ಸುಮ್ನೆ ಕಡಿಮೆ ಕಾಣುತ್ತದೆ.

ಆದರೆ 4.6% ಎಂದಷ್ಟೇ ಬರೆದು ಬಿಟ್ಟರೆ ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ವರ್ಷದ ಚಂದಾ ಕಟ್ಟಿದವರಲ್ಲಿ ಹೆಚ್ಚಿನವರಿಗೆ ಜೂನಿನಲ್ಲಿ ಬಿಡುವ ಸಂದರ್ಭವೇ ಬರಲಿಲ್ಲ. ಅವರನ್ನೂ ಕೆಳಗೆ ಹಾಕಿ ಭಾಗಿಸಿದ್ದರಿಂದ ಸಂಖ್ಯೆ ಚೆಂದ ಕಂಡಿತು. ಬೇರೆ ಮಾಡಿ ನೋಡಿ. ತಿಂಗಳ ಚಂದಾದ 180ರಲ್ಲಿ 12 ಹೋದರು, 6.7%. ವರ್ಷದವರಲ್ಲಿ ಜೂನಿನಲ್ಲಿ ನವೀಕರಣಕ್ಕೆ ಬಂದವರು 8, ಬಿಟ್ಟವರು 1. ಎಂಟರಂಥ ಸಣ್ಣ ಸಂಖ್ಯೆಗೆ ಶೇಕಡಾ ಲೆಕ್ಕ ಹಾಕಬೇಡಿ, 8ರಲ್ಲಿ 1 ಎಂದೇ ಬರೆಯಿರಿ.

ಹೋದ 12 ಜನರಲ್ಲಿ 3 ಜನ `halted` ಎಂಬುದನ್ನೂ ಬೇರೆಯಾಗಿ ತೋರಿಸಿ. ಅವರಿಗೆ ಆ್ಯಪ್ ಬೇಡವಾಗಿದೆ ಎಂದೇನಲ್ಲ. ಒಂದು ಫೋನ್ ಮಾಡಿ, ಹೊಸ ಖಾತೆಯಿಂದ ಅನುಮತಿ ಕೊಡಿಸಿದರೆ ಮರಳಬಹುದು. ಇಲ್ಲಿ ಇನ್ನೊಂದು ಮಾತು. ತಾನಾಗಿ ಕಡಿತವಾಗುವ ಪಾವತಿಗೆ ಸಾಮಾನ್ಯವಾಗಿ ₹15,000ದ ಮಿತಿ ಇದೆ. ಅದಕ್ಕಿಂತ ದೊಡ್ಡ ಮೊತ್ತವಾದರೆ ಪ್ರತಿ ಸಲ ಗಿರಾಕಿಯೇ ಒಪ್ಪಿಗೆ ಕೊಡಬೇಕು. ನಮ್ಮ ವರ್ಷದ ಚಂದಾ ಜಿಎಸ್‌ಟಿ ಸೇರಿ ₹11,328, ಮಿತಿಯೊಳಗಿದೆ. ದರ ಏರಿಸುವಾಗ ಇದು ನೆನಪಿರಲಿ.

ಪತ್ರದಲ್ಲಿ ಬರುವ ಸಾಲುಗಳು

“ಜೂನ್ 30ಕ್ಕೆ ಎಂಆರ್‌ಆರ್ ₹2,64,400, ಜಿಎಸ್‌ಟಿ ಬಿಟ್ಟು. ಮೇ 31ಕ್ಕೆ ₹2,60,000 ಇತ್ತು. ಹೊಸಬರಿಂದ ₹18,000 ಬಂದಿದೆ, ಬಿಟ್ಟವರಿಂದ ₹12,800 ಹೋಗಿದೆ, ವರ್ಷದ ಯೋಜನೆಗೆ ಬದಲಾದವರಿಂದ ₹800 ಇಳಿದಿದೆ. ತಿಂಗಳ ಚಂದಾದವರಲ್ಲಿ ಬಿಟ್ಟವರು 6.7%: 9 ಜನ ರದ್ದು ಮಾಡಿದ್ದಾರೆ, 3 ಜನರ ಪಾವತಿ ನಿಂತಿದೆ. ವರ್ಷದ ನವೀಕರಣ 8ರಲ್ಲಿ 7. ತಿಂಗಳಲ್ಲಿ ವಸೂಲಾದದ್ದು ಜಿಎಸ್‌ಟಿ ಸೇರಿ ₹3,91,288. ಇದರಲ್ಲಿ ₹1,81,248 ವರ್ಷದ ಮುಂಗಡ.”

ಜುಲೈ ಪತ್ರದ ಶುರುವಿನ ಮೊತ್ತ ಇದೇ ₹2,64,400 ಆಗಿರಬೇಕು. ನಡುವೆ ಜೂನಿನಲ್ಲಿ ಏನೋ ತಪ್ಪಾಗಿದೆ ಎಂದು ಗೊತ್ತಾದರೆ ಹಳೆಯ ಸಂಖ್ಯೆಯನ್ನು ಸದ್ದಿಲ್ಲದೆ ಬದಲಿಸಬೇಡಿ. ಹಳೆಯದೆಷ್ಟು, ಸರಿಯಾದದ್ದೆಷ್ಟು, ಯಾಕೆ ಬದಲಾಯಿತು ಎಂದು ಜುಲೈ ಪತ್ರದ ಮೇಲ್ಭಾಗದಲ್ಲೇ ಬರೆಯಿರಿ.