ಹೊಸ ಟೈರ್ ಜೋಡಿ ಹಿಂದಕ್ಕೆ ಹಾಕಿಸಿದ್ದು ಯಾಕೆ

ನನ್ನದು ಮುಂದಿನ ಚಕ್ರ ಎಳೆಯುವ ಸಣ್ಣ ಕಾರು. ಟೈರ್ ಸೈಜ್ 185/65 ಆರ್15. ಸಕಲೇಶಪುರದ ಹತ್ತಿರ ಕಲ್ಲು ಬಡಿದು ಮುಂದಿನ ಎಡ ಟೈರಿನ ಪಕ್ಕ ಸೀಳಿತು. ಅಲ್ಲಿ ಸಿಕ್ಕಿದ್ದು ಬೇರೆ ಕಂಪನಿಯ, ಬೇರೆ ಪ್ಯಾಟರ್ನಿನ ಟೈರ್. ಅದನ್ನೇ ಹಾಕಿಸಿಕೊಂಡು ಊರು ಸೇರಿದೆ. ಹೊಸದರಲ್ಲಿ ತೋಡಿನ ಆಳ ಸುಮಾರು 8 ಮಿ.ಮೀ. ಬಲಗಡೆಯ ಹಳೆಯದರಲ್ಲಿ 3 ಕೂಡ ಇಲ್ಲ. ಹಿಂದಿನ ಎರಡರಲ್ಲಿ 5.

ಒಣ ರಸ್ತೆಯಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮೆಲ್ಲಗೆ ಬ್ರೇಕ್ ಒತ್ತಿದಾಗ ಎರಡೂ ಕಡೆ ಒಂದೇ ಬಲ ಬೀಳುತ್ತದೆ, ಅಷ್ಟನ್ನು ಸವೆದ ಟೈರೂ ತಡೆದುಕೊಳ್ಳುತ್ತದೆ. ಮಳೆ ಬಂದ ಮೇಲೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 40 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿದೆ. ಪೆಡಲ್ ಗಡಗಡ ಅಂತು, ಕಾರಿನ ಮೂತಿ ಎಡಕ್ಕೆ ಎಳೆಯಿತು. ಬಲಗಡೆಯ ಟೈರ್ ಜಾರತೊಡಗಿದ ಕೂಡಲೇ ಎಬಿಎಸ್ ಆ ಚಕ್ರದ ಬ್ರೇಕ್ ಸಡಿಲಿಸುತ್ತದೆ. ಎಡಗಡೆಯದು ಮಾತ್ರ ಬಿಗಿಯಾಗಿ ಹಿಡಿದಿರುತ್ತದೆ. ಕಾರು ಆ ಕಡೆಗೇ ತಿರುಗುತ್ತದೆ.

ಹಾಗಾಗಿ ಅದೇ ಕಂಪನಿಯ, ಅದೇ ಪ್ಯಾಟರ್ನಿನ ಇನ್ನೊಂದು ಟೈರ್ ಕೊಂಡೆ. ತಯಾರಾದ ವಾರವನ್ನೂ ನೋಡಿದೆ. ಟೈರಿನ ಪಕ್ಕದಲ್ಲಿ 1424 ಅಂತಿದ್ದರೆ 2024ರ 14ನೇ ವಾರ ಎಂದರ್ಥ.

ಆಮೇಲೆ ಅಂಗಡಿಯಲ್ಲಿ ಚರ್ಚೆ ಶುರುವಾಯಿತು. "ಸಾರ್, ಎಂಜಿನ್ ಎಳೆಯೋದು ಮುಂದೆ, ಬ್ರೇಕ್ ಜಾಸ್ತಿ ಹಿಡಿಯೋದೂ ಮುಂದೆ. ಹೊಸದು ಮುಂದಕ್ಕೇ ಹಾಕಿ" ಅಂದರು. ಕೇಳೋಕೆ ಸರಿಯಾಗೇ ಇದೆ, ಅಲ್ವಾ? ನೇರ ರಸ್ತೆಯಲ್ಲಿ ಹಾಗೆ ಹಾಕಿದರೆ ಕಾರು ಸ್ವಲ್ಪ ಬೇಗ ನಿಲ್ಲಲೂಬಹುದು. ನನಗೆ ಭಯವಿದ್ದದ್ದು ಶಿರಾಡಿ ಘಾಟಿಯ ಒದ್ದೆ ತಿರುವುಗಳದ್ದು. ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್ ಹಗುರವಾಗುತ್ತದೆ, ಕಾರು ತಿರುಗದೆ ನೇರ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಹಿಡಿತ ಸಾಮಾನ್ಯವಾಗಿ ವಾಪಸ್ ಸಿಗುತ್ತದೆ. ಹಿಂದಿನ ಟೈರ್ ಸವೆದಿದ್ದರೆ ಇದೇ ಕೆಲಸ ಉಲ್ಟಾ ಹೊಡೆಯುತ್ತದೆ. ಕಾಲು ತೆಗೆದ ಕೂಡಲೇ ಹಿಂಭಾಗ ಹಗುರವಾಗಿ ಬಾಲ ಹೊರಕ್ಕೆ ಬೀಸುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈ ನಮ್ಮಂಥವರಿಗೆ ಇರುವುದಿಲ್ಲ.

ಕೊನೆಗೆ ಹೊಸ ಜೋಡಿ ಹಿಂದಕ್ಕೆ, ಹಿಂದಿದ್ದ 5 ಮಿ.ಮೀ. ಜೋಡಿ ಮುಂದಕ್ಕೆ ಹೋಯಿತು. 3 ಮಿ.ಮೀ. ಇಲ್ಲದ್ದನ್ನು ಸ್ಟೆಪ್ನಿಗೆ ಇಟ್ಟೆ. ಟೈರಿನಲ್ಲೇ ಇರುವ 1.6 ಮಿ.ಮೀ. ಸವೆತದ ಗುರುತಿಗೆ ಬಂದಿರದಿದ್ದರೂ ಅಷ್ಟು ಸವೆದದ್ದು ನಿಂತ ನೀರನ್ನು ಸರಿಯಾಗಿ ಹೊರಹಾಕುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮತ್ತೆ ಬ್ರೇಕ್ ಹಾಕಿದೆ. ಕಾರು ನೇರವಾಗಿ ನಿಂತಿತು.

ಎರಡು ಕಂಪನಿಯ ಟೈರ್ ಈಗಲೂ ಇವೆ, ಆದರೆ ಒಂದೇ ಆಕ್ಸಲ್ಲಿನಲ್ಲಿ ಅಲ್ಲ. ಮುಂದಿನವು ಬೇಗ ಸವೆಯುತ್ತವೆ. ಅವು ಮುಗಿದಾಗ ಮತ್ತೆ ಜೋಡಿಯಾಗಿಯೇ ಕೊಂಡು ಹಿಂದಕ್ಕೆ ಹಾಕಿಸುತ್ತೇನೆ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಈ ಲೆಕ್ಕ ಸಾಲದು. ಅದರಲ್ಲಿ ಮುಂದಿನ, ಹಿಂದಿನ ಟೈರುಗಳ ಸುತ್ತಳತೆಯೂ ಹೊಂದಬೇಕು, ಇಲ್ಲದಿದ್ದರೆ ಗೇರುಗಳಿಗೆ ಪೆಟ್ಟು.