ಠಾಣೆ ಕುರ್ಲಾ, ಠಾಣೆ ದಾದರ್: ಭಾಮಿನಿ ಷಟ್ಪದಿ ಬರೆಯುವುದು ಹೀಗೆ

ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಮೇಲಿನ ಮನೆಯ ಹುಡುಗಿಯೊಬ್ಬಳು ಯಕ್ಷಗಾನ ಕಲಿಯುತ್ತಿದ್ದಾಳೆ. ಒಂದು ದಿನ ಪ್ರಸಂಗದ ಪುಸ್ತಕ ಹಿಡಿದುಕೊಂಡು ಬಂದಳು. "ಆಂಟಿ, ಕೆಲವು ಪದ್ಯದ ಮೇಲೆ ಭಾಮಿನಿ ಅಂತ ಬರೆದಿದೆ, ಕೆಲವಕ್ಕೆ ವಾರ್ಧಕ ಅಂತ ಇದೆ. ಇದು ರಾಗದ ಹೆಸರಾ?" ಎಂದು ಕೇಳಿದಳು. ರಾಗ ಅಲ್ಲ, ಪದ್ಯದ ಅಳತೆ ಎಂದೆ. "ಹಾಗಾದರೆ ನಾನೂ ಒಂದು ಬರೀಬಹುದಾ?" ಎಂದಳು. ಬರೆಯಬಹುದು. ಮುಂದಿನ ಎರಡು ಶನಿವಾರ ನಾವಿಬ್ಬರೂ ಕೂತು ಒಂದು ಪದ್ಯ ಕಟ್ಟಿದೆವು. ಅದು ಎಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದೇ ಈ ಲೇಖನ.

ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಇದರಲ್ಲಿ ಆರು ಬಗೆ ಇವೆ: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಆರಕ್ಕೂ ಮೈಕಟ್ಟು ಒಂದೇ. 1, 2, 4, 5ನೇ ಸಾಲುಗಳು ಒಂದೇ ಅಳತೆಯ ಚಿಕ್ಕ ಸಾಲುಗಳು. 3 ಮತ್ತು 6ನೇ ಸಾಲು ಚಿಕ್ಕ ಸಾಲಿನ ಒಂದೂವರೆ ಪಟ್ಟು, ಅದರ ಕೊನೆಗೆ ಬಾಲದಂತೆ ಒಂದು ಗುರು, ಅಂದರೆ ಎಳೆದು ಹೇಳುವ ಅಕ್ಷರ. ಬದಲಾಗುವುದು ಒಳಗಿನ ನಡೆ ಮಾತ್ರ. ರಾಘವಾಂಕನ ಹರಿಶ್ಚಂದ್ರ ಕಾವ್ಯ, ಲಕ್ಷ್ಮೀಶನ ಜೈಮಿನಿ ಭಾರತ ಇರುವುದು ವಾರ್ಧಕದಲ್ಲಿ, ಅದು ಐದೈದು ಮಾತ್ರೆಯ ನಡೆ. ಕುಮಾರವ್ಯಾಸ ತನ್ನ ಭಾರತವನ್ನು ಭಾಮಿನಿಯಲ್ಲಿ ಹೇಳಿದ. ನಾವು ಹಿಡಿದದ್ದೂ ಭಾಮಿನಿಯನ್ನೇ. ಎಲ್ಲಕ್ಕಿಂತ ಚಿಕ್ಕದು ಶರ ಷಟ್ಪದಿ, ಹೊಸಬರಿಗೆ ಅದೇ ಸುಲಭ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಶರದ ಚಿಕ್ಕ ಸಾಲಿನಲ್ಲಿ ಇರುವುದೇ ಎಂಟು ಮಾತ್ರೆ, ಮಾತು ಬಾಯಿ ಬಿಡುವಷ್ಟರಲ್ಲಿ ಸಾಲು ಮುಗಿದಿರುತ್ತದೆ.

ಮೊದಲು ಎಣಿಕೆ

ಒಂದು ಅಕ್ಷರ ಹೇಳಲು ಬೇಕಾಗುವ ಕಾಲವೇ ಮಾತ್ರೆ. ಅ, ಕ, ತಿ, ನು ಇಂಥ ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ಕಾ, ತೀ, ಬೈ ಇಂಥ ಉದ್ದ ಅಕ್ಷರಕ್ಕೆ ಎರಡು, ಅದು ಗುರು. ಗಿಡ್ಡ ಅಕ್ಷರವೂ ಮೂರು ಸಂದರ್ಭದಲ್ಲಿ ಗುರುವಾಗುತ್ತದೆ. ಒಂದು, ಅದರ ಮುಂದೆ ಒತ್ತಕ್ಷರ ಬಂದಾಗ: "ಡಬ್ಬಿ" ಪದದ "ಡ". ಎರಡು, ಅದಕ್ಕೇ ಸೊನ್ನೆ ಅಥವಾ ವಿಸರ್ಗ ಅಂಟಿಕೊಂಡಾಗ: "ಗಂಟೆ" ಪದದ "ಗಂ". ಮೂರು, ಅದರ ಬೆನ್ನಿಗೆ ಅರ್ಧ ವ್ಯಂಜನ ಬಂದು ಪದ ಮುಗಿದಾಗ: "ಲೋಕಲ್" ಪದದ "ಕಲ್".

ಹುಡುಗಿ ಇದನ್ನು ಸ್ಟೇಷನ್ ಹೆಸರುಗಳ ಮೇಲೆ ಪ್ರಯೋಗ ಮಾಡಿದಳು. ಠಾಣೆ: 2 ಮತ್ತು 1, ಒಟ್ಟು 3. ಕುರ್ಲಾ: ಒತ್ತಕ್ಷರದ ಹಿಂದಿನ "ಕು" 2, "ರ್ಲಾ" 2, ಒಟ್ಟು 4. ದಾದರ್: "ದಾ" 2, "ದರ್" 2, ಅದೂ 4. ಡೊಂಬಿವಲಿ ಎಣಿಸಿದರೆ 5 ಬಂತು. "ನಮ್ಮೂರು ಭಾಮಿನಿಗೆ ಬರಲ್ಲ, ವಾರ್ಧಕಕ್ಕೆ ಬರುತ್ತೆ" ಎಂದು ನಕ್ಕಳು. ಭಾಮಿನಿಯ ತುಂಡುಗಳು ಮೂರು, ನಾಲ್ಕು ಮಾತ್ರೆಯವು, ಹೆಸರನ್ನು ನಡುವೆ ಒಡೆಯದೆ ಇಡುವುದಾದರೆ ಸರಿಯಾದ ಮಾತೇ.

ನಡೆ ಕಿವಿಗೆ ಹತ್ತಬೇಕು

ಭಾಮಿನಿಯ ನಡೆ 3 ಮತ್ತು 4. ಚಿಕ್ಕ ಸಾಲಿನಲ್ಲಿ ಈ ಜೋಡಿ ಎರಡು ಸಲ ಬರುತ್ತದೆ: 3, 4, 3, 4. ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಮೂರು ಸಲ ಬಂದು ಕೊನೆಗೊಂದು ಗುರು ಸೇರುತ್ತದೆ: 21ಕ್ಕೆ 2 ಸೇರಿ 23. ಇಡೀ ಪದ್ಯಕ್ಕೆ 102 ಮಾತ್ರೆ. ಹೀಗೆ ಮೂರರ, ನಾಲ್ಕರ ಒಂದೊಂದು ತುಂಡಿಗೂ ಗಣ ಎನ್ನುತ್ತಾರೆ.

ಪೆನ್ನು ಹಿಡಿಯುವ ಮೊದಲು ಇದನ್ನು ಚಪ್ಪಾಳೆ ಹಾಕುತ್ತಾ ಹೇಳಿಕೊಳ್ಳಿ, ಪ್ರತಿ ಪದಕ್ಕೆ ಒಂದು ಚಪ್ಪಾಳೆ:

ಠಾಣೆ / ಕುರ್ಲಾ / ಠಾಣೆ / ದಾದರ್

ಇದು ಸರಿಯಾದ ಒಂದು ಭಾಮಿನಿ ಸಾಲು. ಅರ್ಥ ಏನೂ ಇಲ್ಲ, ನಡಿಗೆ ಮಾತ್ರ ಇದೆ. ಒಂದು ಚಿಕ್ಕ ಹೆಜ್ಜೆ, ಒಂದು ದೊಡ್ಡ ಹೆಜ್ಜೆ. ಕರ್ನಾಟಕ ಸಂಗೀತ ಕಲಿತವರಿಗೆ ಮಿಶ್ರ ಛಾಪು ತಾಳ ನೆನಪಾಗಬಹುದು, ಅಲ್ಲೂ ಏಳನ್ನು ಮೂರು ನಾಲ್ಕಾಗಿಯೇ ಒಡೆಯುತ್ತಾರೆ. ಭಾಗವತರು ಹಾಡುವಾಗ ಭಾಮಿನಿಯನ್ನು ಭಾವಕ್ಕೆ ತಕ್ಕಂತೆ ಎಳೆಯುತ್ತಾರೆ. ಹಾಗಾಗಿ ಆಟ ನೋಡುತ್ತಾ ಮಾತ್ರೆ ಎಣಿಸಲು ಹೋದರೆ ಲೆಕ್ಕ ಸಿಗುವುದಿಲ್ಲ. ಪುಸ್ತಕ ಇಟ್ಟುಕೊಂಡು, ಎಳೆಯದೆ ಓದಿ.

ಪ್ರಾಸದ ಪದಗಳನ್ನು ಮೊದಲೇ ಕೂಡಿಹಾಕಿ

ಸಿನಿಮಾ ಹಾಡಿನ ಪ್ರಾಸ ಸಾಲಿನ ಕೊನೆಯಲ್ಲಿರುತ್ತದೆ. ಷಟ್ಪದಿಯ ಪ್ರಾಸ ಸಾಲಿನ ಆರಂಭದಲ್ಲಿ. ಆರೂ ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ಸ್ವರ ಬೇರೆಯಾದರೂ ನಡೆಯುತ್ತದೆ. ಜತೆಗೆ ಮೊದಲ ಅಕ್ಷರದ ತೂಕವೂ ಒಂದೇ ಆಗಿರಬೇಕು. ಮೊದಲ ಸಾಲು ಲಘುವಿನಿಂದ ಶುರುವಾದರೆ ಆರೂ ಹಾಗೆಯೇ. "ಮಳೆ"ಗೆ "ಹಳಿ" ಜೋಡಿಯಾಗುತ್ತದೆ, "ಕಾಳು" ಆಗುವುದಿಲ್ಲ.

ನಾವು ಆರಿಸಿದ ವಿಷಯ ಮಳೆ. ಒಂದು ಜುಲೈಯಲ್ಲಿ ನಾನೂ ನನ್ನ ಗೆಳತಿಯೂ ಪ್ಲಾಟ್‌ಫಾರ್ಮಿನ ಮೇಲೆ ಮೂರು ಗಂಟೆ ನಿಂತ ಕಥೆ. ಮಳೆ ಅಂದ ಮೇಲೆ ಪ್ರಾಸ "ಳ". ಕಾಗದದ ಅಂಚಿನಲ್ಲಿ ಬರೆದುಕೊಂಡೆವು: ಮಳೆ, ಹಳಿ, ಕಳೆ, ಬಳಿ, ಒಳಗೆ, ಗೆಳತಿ, ಹಳದಿ, ಎಳೆ, ತಿಳಿ. ಆರು ಬೇಕಿದ್ದರೆ ಒಂಬತ್ತು ಹತ್ತು ಇಟ್ಟುಕೊಳ್ಳಿ. ನಾಲ್ಕೇ ಸಿಕ್ಕಿದರೆ ಆ ವ್ಯಂಜನವನ್ನೇ ಬಿಡಿ. ಐದನೇ ಸಾಲಿಗೆ ಬಂದ ಮೇಲೆ ಪದ ಸಿಗದೆ ಒದ್ದಾಡುವುದಕ್ಕಿಂತ ಅದು ಮೇಲು.

ಈ ಪಟ್ಟಿಯನ್ನು ನೋಡಿ. ಪ್ರತಿ ಪದವೂ ಕಥೆಯ ಒಂದು ತುಂಡನ್ನು ತಾನೇ ತರುತ್ತಿದೆ, ಅಲ್ವಾ? ಹಳದಿ ಎಂಬ ಪದ ಸಿಗದಿದ್ದರೆ ಪದ್ಯದಲ್ಲಿ ಈರುಳ್ಳಿ ಅವಲಕ್ಕಿಯ ಕಾಂದಪೋಹೆ ಬರುತ್ತಿರಲಿಲ್ಲ.

ಕೆಟ್ಟ ಮೂರು ಸಾಲುಗಳು

ಮೊದಲ ಸಾಲು ಸಲೀಸಾಗಿ ಬಂತು: "ಮಳೆಯು ಸುರಿದಿದೆ ರಾತ್ರಿಯೆಲ್ಲಾ". ಎರಡನೆಯದು ಹುಡುಗಿ ಬರೆದಳು: "ಹಳಿಯ ತುಂಬಾ ನೀರು ನಿಂತಿತ್ತು". ಓದಿದಾಗ ಕೊನೆಯಲ್ಲಿ ಏನೋ ಹೊರಗೆ ಚಾಚಿದಂತೆ ಕಂಡಿತು. ಎಣಿಸಿದೆವು. ಹಳಿಯ 3, ತುಂಬಾ 4, ನೀರು 3. "ನಿಂತಿತ್ತು" ಮಾತ್ರ 5. ಅದರಲ್ಲಿ ನಡುವಿನ "ತಿ" ನೋಡಲು ಗಿಡ್ಡ. ಆದರೆ ಮುಂದೆ "ತ್ತು" ಇರುವುದರಿಂದ ಗುರುವಾಗಿದೆ. "ನಿಂತಿದೆ" ಎಂದು ಮಾಡಿದೆವು, 4ಕ್ಕೆ ಇಳಿಯಿತು. "ಇತ್ತು", "ಬಂತು", "ಹೋಯ್ತು" ಇವುಗಳ ಹತ್ತಿರ ಜೋಪಾನ. ಮಾತಿನಲ್ಲಿ ಹಗುರ, ಲೆಕ್ಕದಲ್ಲಿ ಭಾರ.

ಎರಡನೇ ತಪ್ಪು ನನ್ನದೇ. ಐದನೇ ಸಾಲನ್ನು ನಾನು ಹೀಗೆ ಬರೆದಿದ್ದೆ: "ಹಳೆಯ ಅಂಗಡಿ ಬಿಸಿಯ ಸಮೋಸ". ಎಣಿಸಿ ನೋಡಿ: 3, 4, 3, 4. ಲೆಕ್ಕ ಪಕ್ಕಾ. ಆದರೆ ಚಪ್ಪಾಳೆ ಹಾಕಿ ಓದಿದರೆ "ಸಮೋಸ"ದಲ್ಲಿ ಕಾಲು ಎಡವುತ್ತದೆ. ಕಾರಣ ಇದು: ಸ 1, ಮೋ 2, ಸ 1. ಭಾರವೆಲ್ಲ ನಡುವಿನ ಅಕ್ಷರದ ಮೇಲಿದೆ. ಚಪ್ಪಾಳೆ ಬೀಳುವುದು ಗಣದ ಮೊದಲ ಅಕ್ಷರಕ್ಕೆ, ಅಲ್ಲಿ ಬಡಕಲು "ಸ" ನಿಂತಿದೆ. ಬೆನ್ನಿಗೇ ಬರುವ "ಮೋ" ಎಳೆದುಕೊಂಡು ಹೋಗುತ್ತದೆ. ಲಘು, ಗುರು, ಲಘು ಬರುವ ಈ ಗಣಕ್ಕೆ ಜಗಣ ಎಂದು ಹೆಸರು. ಷಟ್ಪದಿಯಲ್ಲಿ ಜಗಣ ಬರಬಾರದು ಎಂದು ಛಂದಸ್ಸಿನ ಪುಸ್ತಕ ಹೇಳುತ್ತದೆ. ಶಾಲೆಯಲ್ಲಿ ನಾನು ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ, ಯಾಕೆ ಎಂದು ತಿಳಿದದ್ದು ಈ ಸಮೋಸದಿಂದ. ಆ ಸಾಲನ್ನೇ ಬಿಟ್ಟು ಪಟ್ಟಿಯ "ಹಳದಿ"ಯಿಂದ ಹೊಸದು ಬರೆದೆವು.

ಮೂರರ ಗಣಕ್ಕೂ ಇದೇ ಮಾತು. ಲಘುವಿನ ಬೆನ್ನಿಗೆ ಗುರು ಬಂದು ಗಣ ಶುರುವಾಗಬಾರದು. "ಗಂಟೆ" ಸರಿ, "ಹಳಿಯ" ಸರಿ, "ಮಜಾ" ಬೇಡ. ಒಂದು ಸುಲಭ ಪರೀಕ್ಷೆ ಇದೆ. ಗಣದ ಮೊದಲ ಅಕ್ಷರ ಗುರುವಾಗಿರಲಿ. ಲಘುವಾದರೆ ಅದರ ಮುಂದಿನದೂ ಲಘುವಾಗಿರಲಿ. ಇಷ್ಟು ನೋಡಿಕೊಂಡರೆ ಸಾಕು.

ಮೂರನೆಯದು ಪ್ರಾಸದ ತಪ್ಪು. ಕೊನೆಯ ಸಾಲು "ಕಲೆತು ನಿಂತವರೆಲ್ಲ" ಎಂದು ಶುರುವಾಗಿತ್ತು. "ಕಲೆ"ಯಲ್ಲಿ ಇರುವುದು "ಲ", ನಮಗೆ ಬೇಕಾದದ್ದು "ಳ". ಮರಾಠಿಯಲ್ಲೂ ಳ ಇರುವುದರಿಂದ ಇಲ್ಲಿನ ಮಕ್ಕಳ ನಾಲಗೆಗೆ ಅದೇನೂ ಕಷ್ಟವಲ್ಲ. ಬರೆಯುವ ಅವಸರದಲ್ಲಿ ಕಣ್ಣು ತಪ್ಪಿತು ಅಷ್ಟೆ. ಅಂಚಿನ ಪಟ್ಟಿಯಿಂದ "ಬಳಿ" ತೆಗೆದುಕೊಂಡೆವು.

ಕೊನೆಗೆ ನಿಂತ ಪದ್ಯ

ಮಳೆಯು ಸುರಿದಿದೆ ರಾತ್ರಿಯೆಲ್ಲಾ
ಹಳಿಯ ತುಂಬಾ ನೀರು ನಿಂತಿದೆ
ಕಳೆದು ಹೋಯಿತು ಮೂರು ಗಂಟೆಯು ಗಾಡಿಯಿಲ್ಲದೆಯೇ
ಗೆಳತಿ ಬಿಚ್ಚಿದ ಡಬ್ಬಿಯೊಳಗಿನ
ಹಳದಿ ಬಣ್ಣದ ಕಾಂದಪೋಹೆಯ
ಬಳಿಯಲಿದ್ದವರೆಲ್ಲ ಹಂಚುತ ತಿಂದು ಮುಗಿಸಿದೆವು

ಗಣ ಒಡೆದರೆ ಮೊದಲ ಮೂರು ಸಾಲು ಹೀಗೆ:

ಮಳೆಯು / ಸುರಿದಿದೆ / ರಾತ್ರಿ / ಯೆಲ್ಲಾ
ಹಳಿಯ / ತುಂಬಾ / ನೀರು / ನಿಂತಿದೆ
ಕಳೆದು / ಹೋಯಿತು / ಮೂರು / ಗಂಟೆಯು / ಗಾಡಿ / ಯಿಲ್ಲದೆ / ಯೇ

ಗಣ ಮುಗಿಯುವಲ್ಲೇ ಪದವೂ ಮುಗಿಯಬೇಕಿಲ್ಲ, "ರಾತ್ರಿಯೆಲ್ಲಾ" ನಡುವೆಯೇ ತುಂಡಾಗಿದೆ. ಆರನೇ ಸಾಲಿನಲ್ಲಿ ಇದು ಇನ್ನೂ ಜಾಸ್ತಿ:

ಬಳಿಯ / ಲಿದ್ದವ / ರೆಲ್ಲ / ಹಂಚುತ / ತಿಂದು / ಮುಗಿಸಿದೆ / ವು

ಪ್ರತಿ ಗಣಕ್ಕೂ ಒಂದೊಂದು ಪದ ಕೂರಿಸಿದರೆ ಪದ್ಯ ಠಾಣೆ ಕುರ್ಲಾದಂತೆ ಟಕಟಕ ಎನ್ನುತ್ತದೆ. ಪದ ಗಣವನ್ನು ದಾಟಿ ಹರಿದಾಗ ಮಾತು ಮಾತಾಗಿ ಉಳಿಯುತ್ತದೆ. ಕೊನೆಯ "ವು" ಗಿಡ್ಡ ಅಕ್ಷರ, ಆದರೂ ಸಾಲಿನ ಬಾಲದಲ್ಲಿ ಅದನ್ನು ಎಳೆದು ಓದುತ್ತೇವೆ, ಗುರು ಎಂದೇ ಲೆಕ್ಕ. ಈ ರಿಯಾಯಿತಿ 3 ಮತ್ತು 6ನೇ ಸಾಲಿನ ಕೊನೆಗೆ ಇದೆ.

ನಾಲ್ಕು, ಐದನೇ ಸಾಲನ್ನು ನೀವೇ ಒಡೆದು ನೋಡಿ. ಐದರಲ್ಲಿ "ಕಾಂದಾ" ಎಂಬ ಮರಾಠಿ ಪದದ ದೀರ್ಘವನ್ನು ನಾವು ಮೂರು ಮಾತ್ರೆಗಾಗಿ ಕತ್ತರಿಸಿದ್ದೇವೆ. ಹುಡುಗಿಯ ಮರಾಠಿ ಗೆಳತಿ ಇದನ್ನು ಒಪ್ಪಲಿಲ್ಲ. ಬದಲಿಗೆ ಬೇರೆ ತಿಂಡಿ ಹುಡುಕಿದೆವು. ಚಿತ್ರಾನ್ನ ಎಣಿಸಿದರೆ 2, 2, 1, ಕಾಂದಪೋಹೆಯ ಜಾಗದಲ್ಲಿಟ್ಟರೆ ಗಣ ಕೆಟ್ಟಿತು. ಉಪ್ಪಿಟ್ಟಿಗೆ ಹಳದಿ ಬಣ್ಣ ಇಲ್ಲ. ಕಾಂದಪೋಹೆಯೇ ಉಳಿಯಿತು.