ಪಾಯಿಂಟ್ ಎಂಟು ಸೊನ್ನೆ ಅಂದರೆ ಎಷ್ಟು ನೂಲು? ದಶಾಂಶದ ಡ್ರಾಯಿಂಗನ್ನು ಟೇಪಿನ ಅಳತೆಗೆ ಇಳಿಸುವ ನನ್ನ ಕ್ರಮ

ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಕಟಿಂಗ್ ಲಿಸ್ಟ್ ಬರೆಯುವುದು ನನ್ನ ಕೆಲಸ. ಈಗ ಡ್ರಾಯಿಂಗ್‌ಗಳೆಲ್ಲ ಬೆಂಗಳೂರಿನಿಂದ ಫೋನಿಗೆ ಬರುತ್ತವೆ. ಅದರಲ್ಲಿ 14.80 ಇಂಚು, 47.24 ಇಂಚು ಅಂತ ಇರುತ್ತದೆ. ಕಂಪ್ಯೂಟರಿಗೆ ಅದು ಸರಿ. ಆದರೆ ಟೇಪಿನ ಮೇಲೆ .80 ಅನ್ನುವ ಗೀಟು ಎಲ್ಲಿದೆ? ಟೇಪಿನಲ್ಲಿ ಇರುವುದು ಅರ್ಧ, ಕಾಲು, ನೂಲು, ಅರ್ಧ ನೂಲು. ಒಂದು ಇಂಚಿಗೆ ಎಂಟು ನೂಲು, ಅಂದರೆ ಹದಿನಾರು ಅರ್ಧ ನೂಲು.

ಮಿಲಿಮೀಟರಿನಲ್ಲೇ ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಮಾಡಬಹುದು. ಕೆಲಸ ಮಾಡುವವರೆಲ್ಲ ಮಿಲಿಮೀಟರಿನಲ್ಲೇ ಯೋಚಿಸಿದರೆ ಅದೇ ಒಳ್ಳೆಯದು. ಆದರೆ ನಮ್ಮಲ್ಲಿ ಪ್ಲೈವುಡ್ ಎಂಟು ಅಡಿ ನಾಲ್ಕು ಅಡಿ ಲೆಕ್ಕದಲ್ಲಿ ಬರುತ್ತದೆ, ಮಿಲ್ಲಿನಲ್ಲಿ ಹಲಸಿನ ಹಲಗೆಯನ್ನು ಇಂಚಿನಲ್ಲಿ ಸೀಳಿಸುತ್ತೇವೆ, ಹಿರಿಯ ಆಚಾರಿ ಅಳತೆ ಕೂಗುವುದೂ ಇಂಚು ನೂಲಿನಲ್ಲೇ. ಅರ್ಧ ಜನ ಒಂದು ಅಳತೆಯಲ್ಲಿ, ಇನ್ನರ್ಧ ಜನ ಇನ್ನೊಂದರಲ್ಲಿ ಕೆಲಸ ಮಾಡಿದರೆ ಮರ ಹಾಳಾಗುತ್ತದೆ. ಅದಕ್ಕೇ ಲಿಸ್ಟನ್ನು ಪೂರ್ತಿ ಇಂಚಿಗೆ ಇಳಿಸಿ ಕೊಡುತ್ತೇನೆ.

ಲೆಕ್ಕ ಸುಲಭ. ಪಾಯಿಂಟಿನ ಎಡಗಡೆ ಇರುವ ಇಂಚನ್ನು ಮುಟ್ಟಬಾರದು. ಬಲಗಡೆ ಇರುವುದನ್ನು ಮಾತ್ರ 16ರಿಂದ ಗುಣಿಸಬೇಕು. 14.80 ತೆಗೆದುಕೊಳ್ಳಿ. 0.80 × 16 = 12.8. ಹತ್ತಿರದ ಪೂರ್ಣ ಸಂಖ್ಯೆ 13. ಹಾಗಾಗಿ 14 13/16. ಬಾಯಲ್ಲಿ ಹೇಳುವಾಗ 13ರ ಅರ್ಧ ಮಾಡಿ, ಹದಿನಾಲ್ಕು ಇಂಚು ಆರೂವರೆ ನೂಲು ಅನ್ನುತ್ತೇವೆ. ಮೇಲಿನ ಸಂಖ್ಯೆ ಸಮ ಬಂದರೆ ಎರಡನ್ನೂ ಅರ್ಧ ಮಾಡುತ್ತಾ ಹೋಗಬೇಕು. 10/16 ಅಂದರೆ 5/8, 12/16 ಅಂದರೆ 3/4. ಮೇಲೆ ಬೆಸ ಸಂಖ್ಯೆ ಬಂದ ಕೂಡಲೇ ನಿಲ್ಲಿಸಿ.

ಒಂದೇ ಒಂದು ಕಡೆ ಎಚ್ಚರ ಬೇಕು. 77.99ರಲ್ಲಿ 0.99 × 16 = 15.84, ಅಂದರೆ 16. ಇದನ್ನು 77 16/16 ಅಂತ ಬರೆದು ಬಿಡಬಾರದು, ಅದು 78. ಕೈಲೆಕ್ಕದಲ್ಲಿ ಈ ಒಂದು ಇಂಚು ದಾಟಿಸುವುದನ್ನು ಮರೆತು 77 ಅಂತ ಬರೆಯುವುದು ಬಹಳ ಸುಲಭ.

ಹೀಗೆ ಹತ್ತಿರದ ಗೀಟಿಗೆ ತಂದಾಗ ಹೆಚ್ಚೆಂದರೆ ಅರ್ಧ ನೂಲಿನ ಅರ್ಧ ಆಚೀಚೆ ಆಗುತ್ತದೆ. ಅಂದರೆ 1/32 ಇಂಚು, 0.8 ಮಿಲಿಮೀಟರ್. ಒಂದು ತುಂಡಿಗೆ ಅದು ಏನೂ ಅಲ್ಲ. ತೊಂದರೆ ಇರುವುದು ಆ ತುಂಡುಗಳನ್ನು ಸಾಲಾಗಿ ಜೋಡಿಸಿದಾಗ.

ಪೊನ್ನಂಪೇಟೆ ಕಡೆಯ ಒಂದು ಮನೆಗೆ ಮಾಡಿದ ಪುಸ್ತಕದ ಕಪಾಟನ್ನೇ ಹೇಳುತ್ತೇನೆ. ಎರಡು ಗೋಡೆಗಳ ನಡುವಿನ ಗೂಡಿನಲ್ಲಿ ಅದು ಕೂರಬೇಕಿತ್ತು. ಡ್ರಾಯಿಂಗಿನಲ್ಲಿ ಒಟ್ಟು ಅಗಲ 47.24. ನಿಂತ ಹಲಗೆ ನಾಲ್ಕು, ತಲಾ 0.71 ದಪ್ಪ, ಅಂದರೆ 18 ಮಿಲಿಮೀಟರ್ ಪ್ಲೈ. ಅವುಗಳ ನಡುವೆ ಮೂರು ಖಾನೆ, ಒಂದೊಂದೂ 14.80. ಗೂಡನ್ನು ನಾವೇ ಹೋಗಿ ಮೇಲೆ, ನಡುವೆ, ಕೆಳಗೆ ಅಳೆದೆವು. ಗಾರೆ ಮಾಡಿದ ಗೋಡೆ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ನಡುವೆ ಅರ್ಧ ನೂಲು ಜಾಸ್ತಿ ಇತ್ತು, ಮೇಲೆ ಕೆಳಗೆ 47 1/4. ಕಡಿಮೆ ಇರುವುದನ್ನೇ ಹಿಡಿಯಬೇಕು, ಹಾಗಾಗಿ 47 1/4.

ಈಗ ಪ್ರತಿಯೊಂದನ್ನೂ ಹತ್ತಿರದ ಗೀಟಿಗೆ ತಂದು ನೋಡಿ. ಖಾನೆ 14 13/16. ಪ್ಲೈ ದಪ್ಪ 0.71 × 16 = 11.36, ಅಂದರೆ 11/16. ಒಟ್ಟು ಅಗಲದಲ್ಲಿ 0.24 × 16 = 3.84, ಅಂದರೆ 4/16, ಹಾಗಾಗಿ 47 1/4. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ. ಆದರೆ ಕೂಡಿಸಿ. ಮೂರು ಖಾನೆಗೆ 44 7/16, ನಾಲ್ಕು ಹಲಗೆಗೆ 2 3/4. ಒಟ್ಟು 47 3/16. ಒಟ್ಟು ಅಗಲ ಅಂತ ಬರೆದಿರುವುದು 47 1/4. ಲಿಸ್ಟಿನಲ್ಲೇ ಅರ್ಧ ನೂಲಿನ ವ್ಯತ್ಯಾಸ.

ಅರ್ಧ ನೂಲು ಕಡಿಮೆ ಬಂತಲ್ಲ, ಗೂಡಿನಲ್ಲಿ ಸುಲಭವಾಗಿ ಕೂರುತ್ತದೆ ಅನಿಸುತ್ತದೆ. ಕೂರುವುದಿಲ್ಲ. 11/16 ಅಂತ ನಾವು ಕಾಗದದಲ್ಲಿ ಬರೆದ ಮಾತ್ರಕ್ಕೆ ಪ್ಲೈ ತೆಳುವಾಗುತ್ತದಾ? ಅದು 18 ಮಿಲಿಮೀಟರೇ, ನಾಲ್ಕು ಸೇರಿ 72 ಮಿಲಿಮೀಟರ್, ಅಂದರೆ 2.83 ಇಂಚು. ಖಾನೆಯ ಹಲಗೆಯನ್ನು ಮಾತ್ರ ನಾವು ನಿಜವಾಗಿ 14 13/16ಕ್ಕೆ ಕುಯ್ಯುತ್ತೇವೆ. 44.44ಕ್ಕೆ 2.83 ಸೇರಿದರೆ 47.27. ಗೂಡು ಇರುವುದು 47.25. ಅರ್ಧ ಮಿಲಿಮೀಟರ್ ಹೆಚ್ಚಾಯಿತು. ಕಪಾಟು ಗೋಡೆಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಬಡಿದು ನೂಕಿದರೆ ಗಾರೆ ಕಿತ್ತು ಬರುತ್ತದೆ.

ಹಾಗಾಗಿ ನನ್ನ ಲಿಸ್ಟಿನಲ್ಲಿ ಎಲ್ಲಕ್ಕೂ ಹತ್ತಿರದ ಗೀಟು ಅನ್ನುವ ನಿಯಮ ಇಲ್ಲ. ಯಾವುದು ಯಾವುದರ ಒಳಗೆ ಕೂರುತ್ತದೆ ಅಂತ ಮೊದಲು ನೋಡುತ್ತೇನೆ. ಒಳಗೆ ಕೂರುವ ತುಂಡನ್ನು ಕೆಳಗಿನ ಗೀಟಿಗೆ ಇಳಿಸುತ್ತೇನೆ. ಬೇರೆಯದನ್ನು ಒಳಗೆ ಸೇರಿಸಿಕೊಳ್ಳುವ ತೂತು, ಗ್ರೂವ್, ಚೌಕಟ್ಟುಗಳನ್ನು ಮೇಲಿನ ಗೀಟಿಗೆ ಏರಿಸುತ್ತೇನೆ. ನಾವು ಕುಯ್ಯದ ವಸ್ತುವನ್ನು, ಅಂದರೆ ಪ್ಲೈ ದಪ್ಪ, ಗಾಜು, ಅಂಗಡಿಯಿಂದ ತಂದ ಚಾನೆಲ್, ಇವನ್ನೆಲ್ಲ ಗೀಟಿಗೆ ತರುವುದೇ ಇಲ್ಲ. ಇದ್ದ ಹಾಗೇ ಲೆಕ್ಕಕ್ಕೆ ಸೇರಿಸುತ್ತೇನೆ.

ಈ ಕಪಾಟಿನಲ್ಲಿ 14.80ರ 12.8 ಅನ್ನು 13ಕ್ಕೆ ಏರಿಸದೆ 12ಕ್ಕೆ ಇಳಿಸಿದೆ. 12/16, ಅಂದರೆ 3/4. ಖಾನೆಯ ಹಲಗೆ 14 3/4. ಮೂರಕ್ಕೆ 44.25, ಪ್ಲೈ 2.83, ಒಟ್ಟು 47.08. ಗೂಡಿನಲ್ಲಿ ಸುಮಾರು 4 ಮಿಲಿಮೀಟರ್ ಜಾಗ ಉಳಿಯಿತು, ಒಂದೊಂದು ಬದಿಗೆ ಎರಡೆರಡು. ಮುಂದೆ ಬೀಡಿಂಗ್ ಹೊಡೆದರೆ ಅದು ಕಾಣುವುದಿಲ್ಲ.

ಇಲ್ಲಿ ನನಗೆ ಬಹಳ ಖುಷಿ ಕೊಟ್ಟ ಒಂದು ವಿಷಯ ಇದೆ. ನಮ್ಮ ಹಿರಿಯ ಆಚಾರಿ ಡ್ರಾಯಿಂಗ್ ನೋಡಲೇ ಇಲ್ಲ. "ಮುಕ್ಕಾಲು ಇಂಚಿನ ಪ್ಲೈ ನಾಲ್ಕು, ಮೂರು ಇಂಚಾಯ್ತು. ನಲವತ್ತೇಳೂಕಾಲರಲ್ಲಿ ಮೂರು ಕಳೆದರೆ ನಲವತ್ನಾಲ್ಕೂಕಾಲು. ಮೂರು ಭಾಗ ಮಾಡು, ಹದಿನಾಲ್ಕೂ ಮುಕ್ಕಾಲು" ಅಂದರು. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಒಂದೇ ಉತ್ತರ. 18 ಮಿಲಿಮೀಟರ್ ಪ್ಲೈಯನ್ನು ಮುಕ್ಕಾಲು ಇಂಚು ಅಂತಲೇ ಕರೆಯುವುದು ನಮ್ಮಲ್ಲಿ ರೂಢಿ. ನಿಜಕ್ಕೂ ಅದು ಮುಕ್ಕಾಲಿಗಿಂತ ಒಂದು ಮಿಲಿಮೀಟರ್ ತೆಳು. ಅಂದರೆ ಅವರು ದಪ್ಪವನ್ನು ಮೇಲಕ್ಕೆ ಹಿಡಿದು ಲೆಕ್ಕ ಹಾಕಿದಾಗ ನಾಲ್ಕು ಹಲಗೆಗೆ ನಾಲ್ಕು ಮಿಲಿಮೀಟರ್ ಸಡಿಲ ತಾನಾಗಿ ಸಿಕ್ಕಿತು. ಹಳೆಯ ಕೈಗಳ ಲೆಕ್ಕದಲ್ಲಿ ಇಂಥ ಜಾಗ ಮೊದಲೇ ಅಡಗಿರುತ್ತದೆ. ಕಂಪ್ಯೂಟರ್ ಡ್ರಾಯಿಂಗ್ ಅದನ್ನು ತೆಗೆದುಹಾಕುತ್ತದೆ, ನಾವು ಮತ್ತೆ ಸೇರಿಸಬೇಕು.

ಖಾನೆಯನ್ನು ಇಳಿಸಿದ ಮೇಲೆ ಅದಕ್ಕೆ ಸಂಬಂಧಪಟ್ಟದ್ದನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕು. ಮೇಲಿನ ಮತ್ತು ಕೆಳಗಿನ ಹಲಗೆಗೆ ಡ್ರಾಯಿಂಗಿನ 47.24 ಈಗ ನಡೆಯುವುದಿಲ್ಲ. ಅವನ್ನು ಕೊನೆಯಲ್ಲಿ, ಜೋಡಿಸಿ ನಿಲ್ಲಿಸಿದ ಅಳತೆ ನೋಡಿಯೇ ಕುಯ್ದೆವು.

ಬಾಗಿಲಿನದು ಇನ್ನೂ ಸೂಕ್ಷ್ಮ. ಬಾಗಿಲು ಖಾನೆಯ ಒಳಗೇ ಕೂರುವ ಹಾಗಿತ್ತು, ಹಲಸಿನ ಮರದ್ದು. ಡ್ರಾಯಿಂಗಿನಲ್ಲಿ ಅಗಲ 14.62. 0.62 × 16 = 9.92, ಸುಮ್ನೆ ಹತ್ತಿರದ ಗೀಟಿಗೆ ತಂದರೆ 14 5/8. ಖಾನೆ 14 3/4 ಆಗಿರುವಾಗ ಒಂದೊಂದು ಬದಿಗೆ ಅರ್ಧ ನೂಲು ಮಾತ್ರ ಉಳಿಯುತ್ತದೆ. ನಾವು ಮಾಡಿದ್ದು ಒಣ ಬಿಸಿಲಿನ ಕಾಲದಲ್ಲಿ. ಕೊಡಗಿನ ಮಳೆ ನಿಮಗೆ ಗೊತ್ತಲ್ವಾ, ಜೂನ್ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ. ಮರ ಆ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕೇ ಬರುವಷ್ಟಿಲ್ಲ. ಹಾಗಾಗಿ ಬಾಗಿಲಿನ ಅಗಲವನ್ನು ಇನ್ನೂ ಒಂದು ನೂಲು ಇಳಿಸಿ 14 1/2 ಮಾಡಿದೆವು, ಬದಿಗೆ ಒಂದೊಂದು ನೂಲು ಸಂದು. ಎತ್ತರದಲ್ಲಿ ಅಷ್ಟು ಬಿಡಲಿಲ್ಲ. ಇದೇ ಬಾಗಿಲನ್ನು ಜುಲೈಯಲ್ಲಿ, ಆಗಲೇ ಉಬ್ಬಿದ ಮರದಲ್ಲಿ ಮಾಡಿದ್ದರೆ 14 5/8ಕ್ಕೇ ನಿಲ್ಲಿಸುತ್ತಿದ್ದೆ. ಪ್ಲೈ ಹೀಗೆ ಆಡುವುದು ಬಹಳ ಕಡಿಮೆ, ಅದಕ್ಕೆ ಈ ಲೆಕ್ಕ ಬೇಡ.

ಲಿಸ್ಟ್ ದೊಡ್ಡದಿದ್ದರೆ ಎಕ್ಸೆಲ್‌ನಲ್ಲಿ ಮಾಡುತ್ತೇನೆ. B ಕಾಲಮ್ಮಿನಲ್ಲಿ ದಶಾಂಶದ ಇಂಚು, C ಕಾಲಮ್ಮಿನಲ್ಲಿ ಗೀಟಿಗೆ ತಂದದ್ದು, D ಕಾಲಮ್ಮಿನಲ್ಲಿ ಓದುವ ರೂಪ. ಒಳಗೆ ಕೂರುವ ತುಂಡಿಗೆ ಇದು:

```
C2: =ROUNDDOWN(B2*16,0)/16
D2: =TEXT(C2,"# ??/??")
```

ತೂತು, ಚೌಕಟ್ಟಿಗೆ `ROUNDDOWN` ಜಾಗದಲ್ಲಿ `ROUNDUP`. ಡ್ರಾಯಿಂಗ್ ಮಿಲಿಮೀಟರಿನಲ್ಲಿದ್ದರೆ `B2` ಬದಲು `B2/25.4`. ಕೆಲವರು C ಕಾಲಮ್ಮನ್ನು ಬಿಟ್ಟು, ದಶಾಂಶದ ಸೆಲ್ಲನ್ನೇ ಭಿನ್ನರಾಶಿಯ ಫಾರ್ಮ್ಯಾಟಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಎರಡು ತೊಂದರೆ. 14.80 ಇದ್ದದ್ದು 14 4/5 ಅಂತ ಬರುತ್ತದೆ, ಟೇಪಿನಲ್ಲಿ ಐದನೇ ಒಂದು ಭಾಗದ ಗೀಟೇ ಇಲ್ಲ. ಹದಿನಾರರ ಫಾರ್ಮ್ಯಾಟ್ ಕೊಟ್ಟರೂ ಬದಲಾಗುವುದು ಕಾಣುವ ರೂಪ ಮಾತ್ರ. ಸೆಲ್ಲಿನ ಒಳಗೆ 14.80 ಹಾಗೇ ಕೂತಿರುತ್ತದೆ, ಒಟ್ಟು ಮೊತ್ತ ಅದರದ್ದೇ ಬರುತ್ತದೆ. ಆಚಾರಿ ಕುಯ್ಯುವುದು ಕಾಣುವ ಸಂಖ್ಯೆಯನ್ನು, ಎಕ್ಸೆಲ್ ಕೂಡುವುದು ಕಾಣದ ಸಂಖ್ಯೆಯನ್ನು. ಎರಡೂ ಹೊಂದುತ್ತವೆ ಅನ್ನುವ ಭರವಸೆ ಇಲ್ಲ. ಇನ್ನೊಂದು, ಸೆಲ್ಲಿನಲ್ಲಿ ಬರೀ 5/8 ಅಂತ ಒತ್ತಿದರೆ ಅದು ತಾರೀಕಾಗುತ್ತದೆ. `0 5/8` ಅಂತ ಒತ್ತಬೇಕು.

ಅಡಿಯಲ್ಲಿ ದಶಾಂಶ ಬಂದರೆ ಮೊದಲು ಇಂಚು ಮಾಡಿ. 6.5 ಅಡಿ ಅಂದರೆ ಆರಡಿ ಐದು ಇಂಚಲ್ಲ, ಆರಡಿ ಆರು ಇಂಚು. 6.58 ಆದರೆ 0.58 × 12 = 6.96 ಇಂಚು, ಆಮೇಲೆ 0.96 × 16 = 15.36. ಅಂದರೆ ಆರಡಿ 6 15/16 ಇಂಚು. ಡ್ರಾಯಿಂಗಿನ ಮೂಲೆಯಲ್ಲಿ ಯಾವ ಅಳತೆ ಅಂತ ಬರೆದಿಲ್ಲದಿದ್ದರೆ ನಾನು ಫೋನ್ ಮಾಡಿ ಕೇಳುತ್ತೇನೆ.

ಲಿಸ್ಟ್ ಆದ ಮೇಲೂ ಗರಗಸಕ್ಕೆ ಕೊಡುವ ಮುಂಚೆ ಒಂದು ಕೆಲಸ ಉಳಿಯುತ್ತದೆ. ತೆಳುವಾದ ನೇರ ರೀಪು ತೆಗೆದುಕೊಂಡು, ಅದರ ಮೇಲೆ ಎಲ್ಲವನ್ನೂ ಸಾಲಾಗಿ ಗುರುತು ಹಾಕುತ್ತೇನೆ. ಪ್ಲೈ ದಪ್ಪವನ್ನು ಟೇಪಿನಿಂದ ಅಳೆಯುವುದಿಲ್ಲ, ಪ್ಲೈ ತುಂಡನ್ನೇ ರೀಪಿನ ಮೇಲೆ ನಿಲ್ಲಿಸಿ ಎರಡೂ ಬದಿಗೆ ಚೂಪು ಪೆನ್ಸಿಲಿನಲ್ಲಿ ಗೀಟು ಎಳೆಯುತ್ತೇನೆ. ಆಮೇಲೆ 14 3/4, ಮತ್ತೆ ಪ್ಲೈ, ಹೀಗೆ ಕೊನೆಯ ತನಕ. ಆ ಗುರುತಿಗೆ ರೀಪನ್ನು ಕುಯ್ದು ಗೂಡಿಗೆ ಒಯ್ದು ಮೇಲೆ, ನಡುವೆ, ಕೆಳಗೆ ಹಿಡಿದು ನೋಡುತ್ತೇನೆ. ಮೂರೂ ಕಡೆ ಗೋಡೆಗೆ ತಾಗದೆ ಒಂದಿಷ್ಟು ಆಚೀಚೆ ಆಡಿದರೆ ಲಿಸ್ಟನ್ನು ಗರಗಸದವರ ಕೈಗೆ ಕೊಡುತ್ತೇನೆ. ಎಲ್ಲಾದರೂ ಹಿಡಿದರೆ ಯಾವ ಖಾನೆಯಿಂದ ಅರ್ಧ ನೂಲು ತೆಗೆಯಬಹುದು ಅಂತ ಅಲ್ಲೇ ರೀಪಿನ ಮೇಲೆ ಗೊತ್ತಾಗುತ್ತದೆ.